ನಾಲ್ಕರಿಂದ ಭಾಗಿಸಿದ್ರ ಒಬ್ಬರ ಅಡಿಗಿ ಆಗಂಗಿಲ್ಲ

1/7
ಹುಲಸೂರ ಬಿಟ್ಟು ರೂಮ್ ಮಾಡ್ಕೊಂಡು ಇರೋ ಗೆಳೆಯರೇ, ಇವತ್ತಿನ ಜಗಳ ರೀಲ್ಸ್ ಅಡಿಗಿಯವ್ರ ಜೊತಿ. "ಒಬ್ಬರಿಗೇನಾ? ನಾಲ್ಕು ಮಂದಿ ರೆಸಿಪಿ ತಗೋರಿ, ಎಲ್ಲಾ ನಾಲ್ಕರಿಂದ ಭಾಗಿಸ್ರಿ, ಮುಗೀತು" ಅಂತಾರ. ನಾನು ಹಂಗೇ ಮಾಡಿದೆ. ಮೊದಲ ವಾರದಾಗ ಎರಡು ಸಲ ಕುಕ್ಕರ್ ತಳ ಕರ್ರಗಾಯ್ತು, ರೂಮಿನ ತುಂಬ ಹೊಗಿ, ರಾತ್ರಿ ಊಟ ಬರೇ ಬಿಸ್ಕಿಟ್. ಆಮ್ಯಾಲೆ "ಒಬ್ಬರಿಗ್ಯಾಕ ಅಡಿಗಿ, ಮೆಸ್ಸೇ ಬೇಸಿ" ಅಂತ ನೀವೆಲ್ಲ ನಕ್ಕಿರಿ. ತಪ್ಪು ನನ್ನ ಕೈದಲ್ಲ, ಆ ಲೆಕ್ಕದ್ದು. ಹೆಂಗ ಅಂತ ತೊಗರಿಬ್ಯಾಳಿ ಹಿಡ್ಕೊಂಡೇ ಹೇಳ್ತೀನಿ. ಯಾಕಂದ್ರ ನಮ್ಮ ಬೀದರ, ಕಲಬುರಗಿ ಕಡೆ ಬ್ಯಾಳಿ ಇಲ್ಲದ ಊಟ ಊಟನೇ ಅಲ್ಲ.

2/7
ನಾಲ್ಕು ಮಂದಿಗೆ 200 ಗ್ರಾಂ ಬ್ಯಾಳಿ, 600 ಎಂಎಲ್ ನೀರು ಅಂತ ಇಟ್ಕೊಳ್ರಿ. ಒಬ್ಬರಿಗೆ 50 ಗ್ರಾಂ ಬ್ಯಾಳಿ, 150 ಎಂಎಲ್ ನೀರು. ಕಾಗದದ ಮ್ಯಾಲೆ ಸರಿ ಕಾಣ್ತದ. ಆದ್ರ ಕುಕ್ಕರ್ ಒಳಗ ಉಗಿ ತುಂಬಬೇಕು, ಸೀಟಿ ಹೊಡೆದಾಗಲೆಲ್ಲ ಅದು ಹೊರಗ ಹೋಗ್ತದ. ಹೋಗೋ ಉಗಿ ಕುಕ್ಕರ್ ಮ್ಯಾಲೆ, ಉರಿ ಮ್ಯಾಲೆ, ಸೀಟಿ ಮ್ಯಾಲೆ ನಿಂತದ. ಒಳಗ ಬ್ಯಾಳಿ ಎಷ್ಟದ ಅಂತ ಅದು ಕೇಳಂಗಿಲ್ಲ. ಲೆಕ್ಕಕ್ಕಂತ 100 ಎಂಎಲ್ ನೀರು ಹೋಯ್ತು ಅನ್ರಿ. 600ರಾಗ 500 ಉಳಿತು, ಚಿಂತಿಲ್ಲ. 150ರಾಗ ಉಳಿದದ್ದು 50. ಬ್ಯಾಳಿ ಕುಡಿಯಾಕೇ ಅದು ಸಾಲಂಗಿಲ್ಲ, ತಳ ಹತ್ತೇ ಹತ್ತತದ.

ಹೊತ್ತಿನದೂ ಇದೇ ಕಥಿ. ಬ್ಯಾಳಿ ಕಡಿಮಿ ಅದ ಅಂತ ಒಂದೇ ಸೀಟಿಗೆ ಇಳಿಸಬ್ಯಾಡ್ರಿ. ಒಂದು ಕಾಳು ಬೇಯಾಕ ಬೇಕಾದ ಹೊತ್ತು ಒಬ್ಬರಿಗೂ ಅಷ್ಟೇ, ಮದುವಿ ಮನಿಗೂ ಅಷ್ಟೇ.

3/7
ಹಂಗಾದ್ರ ಮಾಡೂದೇನು? ಬ್ಯಾಳಿ ಕುಕ್ಕರಿಗೆ ನೇರ ಹಾಕಬ್ಯಾಡ್ರಿ. ಕುಕ್ಕರ್ ತಳದಾಗ ಎರಡು ಕಪ್ ನೀರು ಹಾಕ್ರಿ (ಕುಕ್ಕರ್ ಜೊತಿ ಬಂದ ಪುಸ್ತಕದಾಗ ಕನಿಷ್ಠ ನೀರು ಎಷ್ಟು ಅಂತ ಬರದಿರ್ತದ, ಅದಕ್ಕಿಂತ ಕಡಿಮಿ ಬ್ಯಾಡ). ಅದರಾಗ ಒಂದು ಸ್ಟೀಲ್ ಡಬ್ಬಿ ಇಡ್ರಿ. ಬ್ಯಾಳಿ, ಚಿಟಿಕಿ ಅರಿಶಿಣ, ಬ್ಯಾಳಿಯ ಮೂರರಷ್ಟು ನೀರು ಆ ಡಬ್ಬಿಯೊಳಗ. ಉಗಿಗೆ ಹೋಗೂದು ತಳದ ನೀರು, ಡಬ್ಬಿ ನೀರು ಬ್ಯಾಳಿಗೇ ಉಳೀತದ. ಅರ್ಧ ತಾಸು ಮೊದಲೇ ನೆನಸ್ರಿ, ಮೊದಲ ಸೀಟಿ ಆದಮ್ಯಾಲೆ ಸಣ್ಣ ಉರಿಯಾಗ 12-15 ನಿಮಿಷ ಬಿಡ್ರಿ. ಎರಡು ಬೆರಳಾಗ ಹಿಚುಕಿದ್ರ ಕಾಳು ಮೆತ್ತಗ ನುಣ್ಣಗಾಗಬೇಕು. ನಡುವ ಗಟ್ಟಿ ಸಿಕ್ರ ಇನ್ನೂ ಐದು ನಿಮಿಷ. ಹುಣಸಿಹುಳಿ ಮಾತ್ರ ಬೆಂದ ಮ್ಯಾಲೇ ಹಾಕ್ರಿ, ಮೊದಲೇ ಹಾಕಿದ್ರ ಬ್ಯಾಳಿ ಲಗೂ ಬೇಯಂಗಿಲ್ಲ.

ಒಗ್ಗರಣಿಗೂ ಭಾಗಾಕಾರ ನಡಿಯಂಗಿಲ್ಲ. ದೊಡ್ಡ ಬಾಣಲಿಯಾಗ ಅರ್ಧ ಚಮಚ ಎಣ್ಣಿ ತೆಳ್ಳಗ ಹರಡಿ ಹೋಗ್ತದ, ಸಾಸಿವಿ ಒಣ ತಳದ ಮ್ಯಾಲೆ ಕೂತು ಸಿಡಿಯೋ ಬದಲು ಸುಡ್ತದ. ಸಣ್ಣ ಒಗ್ಗರಣಿ ಸೌಟು ತಗೋರಿ, ಓರಿ ಮಾಡಿ ಹಿಡೀರಿ, ಎಣ್ಣಿ ಒಂದು ಕಡೆ ನಿಂತು ಸಾಸಿವಿ ಮುಳುಗಬೇಕು. ಎಣ್ಣಿ ಹೆಚ್ಚು ಮಾಡೂದಲ್ಲ, ಪಾತ್ರಿ ಸಣ್ಣದು ಮಾಡೂದು.

4/7
ಈಗ ನನ್ನ ಖರೇ ಮಾತು. ನಾನು 50 ಗ್ರಾಂ ಬೇಯಿಸೂದೇ ಇಲ್ಲ, 100 ಗ್ರಾಂ ಬೇಯಿಸ್ತೀನಿ. ಅಷ್ಟೇ ಗ್ಯಾಸು, ಅಷ್ಟೇ ಹೊತ್ತು, ಎರಡು ಊಟ.

"ಅಂದ್ರ ರಾತ್ರಿಗಿ ತಂಗಳ ತಿಂತಿ" ಅಂತ ನೀವು ಅಂತೀರಿ. ಇಲ್ಲ. ಮಧ್ಯಾಹ್ನದ ಸಾರು ರಾತ್ರಿ ಬಿಸಿ ಮಾಡಿ ತಿನ್ನೂದು ತಂಗಳ. ಅದೇ ರುಚಿ, ಅದೇ ಬೇಸರ, ಅದಕ್ಕೇ ಅದು ಚೆಲ್ಲಿ ಹೋಗ್ತದ. ನಾನು ಅರ್ಧ ಬ್ಯಾಳಿ ಒಗ್ಗರಣಿಗೆ ಮೊದಲೇ ತೆಗೆದಿಡ್ತೀನಿ. ಉಪ್ಪಿಲ್ಲ, ಖಾರಿಲ್ಲ, ಹುಳಿ ಇಲ್ಲ. ಒಗ್ಗರಣಿ ಬಿದ್ದ ಬ್ಯಾಳಿ ಅಂದ್ರ ಮುಗಿದ ಅಡಿಗಿ. ಸಪ್ಪನ ಬ್ಯಾಳಿ ಅಂದ್ರ ಇನ್ನೂ ಸಾಮಾನು, ಅದರಿಂದ ಏನು ಬೇಕಾದ್ರೂ ಆಗ್ತದ. ಉಳಿದದ್ದನ್ನ ಹೊಸದು ಮಾಡೂದು ರಾತ್ರಿ ಯೋಚನಿ ಮಾಡೋ ಕೆಲಸ ಅಲ್ಲ, ಮಧ್ಯಾಹ್ನ ಒಗ್ಗರಣಿ ಹಾಕೂ ಮೊದಲೇ ತೀರ್ಮಾನ ಆಗಬೇಕು.

5/7
ಆ ಅರ್ಧದಿಂದ ಥಾಲಿಪಟ್ಟು. ಒಂದು ಕಪ್ ಜೋಳದ ಹಿಟ್ಟು, ಸಣ್ಣಗ ಹೆಚ್ಚಿದ ಒಂದು ಉಳ್ಳಾಗಡ್ಡಿ, ಒಂದೆರಡು ಹಸಿಮೆಣಸಿನಕಾಯಿ, ಜೀರಗಿ, ಎಳ್ಳು, ಕೊತ್ತಂಬರಿ, ಉಪ್ಪು. ಬ್ಯಾಳಿನ ಕೊತಕೊತ ಕುದಿಸಿ, ಕುದಿಯೋವಾಗಲೇ ಹಿಟ್ಟಿನ ಮ್ಯಾಲೆ ಸುರೀರಿ. ಮುಚ್ಚಿ ಐದು ನಿಮಿಷ ಬಿಟ್ಟು, ಕೈ ತಾಳೋವಷ್ಟು ಬಿಸಿ ಇದ್ದಾಗ ನಾದ್ರಿ.

ಕುದಿಯೋದೇ ಯಾಕ? ಗೋಧಿಯಾಗ ಇರೋ ಅಂಟು ಜೋಳದಾಗ ಇಲ್ಲ. ಅವ್ವ ರೊಟ್ಟಿಗೆ ಕುದಿಯೋ ಎಸರು ಹಾಕೂದು ಇದಕ್ಕೇ: ಬಿಸಿ ನೀರಿಗೆ ಹಿಟ್ಟು ಅರ್ಧ ಬೆಂದು ಜಿಗುಟು ಬರ್ತದ, ಆ ಜಿಗುಟೇ ರೊಟ್ಟಿ ಹಿಡಿಯೂದು. ಇಲ್ಲಿ ಎಸರಿನ ಕೆಲಸ ಬ್ಯಾಳಿ ಮಾಡ್ತದ. ನಾನು ಒಂದ್ಸಲ ತಣ್ಣನ ಬ್ಯಾಳಿ ಹಾಕಿ ಕಲಸಿದ್ದೆ, ತಟ್ಟಿದಂಗ ತಟ್ಟಿದಂಗ ಅಂಚು ಬಿರಿದು ನಕಾಶಿ ಆಯ್ತು. ಫೋನ್ ಮಾಡಿದ್ರ ಅವ್ವ ಅಂದಳು, "ಎಸರಿಲ್ಲದ ರೊಟ್ಟಿ ಯಾರ ಮನ್ಯಾಗ ಮಾಡ್ತಾರಲೇ?"

ಅಂಚು ಬಿರಿದ್ರ ಬಿಸಿನೀರು ಚಿಮುಕಿಸ್ರಿ, ಕೈಗೆ ಅಂಟಿದ್ರ ಇನ್ನೊಂದು ಹಿಡಿ ಹಿಟ್ಟು. ಒದ್ದಿ ಬಟ್ಟಿ ಮ್ಯಾಲೆ ತಟ್ಟಿ, ನಡುವ ನಾಲ್ಕು ತೂತು ಮಾಡಿ, ಎಣ್ಣಿ ಬಿಟ್ಟು, ಮುಚ್ಚಿ ಸಣ್ಣ ಉರಿಯಾಗ ಬೇಯಿಸ್ರಿ. ಅಂಚು ತಾನೇ ಹಂಚು ಬಿಟ್ಟಾಗ ತಿರುವ್ರಿ. ಎರಡು ಮೂರು ಆಗ್ತಾವ, ಮೊಸರು, ಶೇಂಗಾ ಹಿಂಡಿ ಇದ್ರ ಸಾಕು.

6/7
ಒಂದು ಎಚ್ಚರ, ಇದು ಚೇಷ್ಟಿ ಅಲ್ಲ. ನಮ್ಮ ರೂಮಿನಾಗ ಫ್ರಿಜ್ ಇಲ್ಲ, ನಿಮ್ಮಲ್ಲೂ ಬಹಳ ಮಂದಿಗಿಲ್ಲ. ಬೆಂದ ಬ್ಯಾಳಿ ಮುಚ್ಚಿದ ಕುಕ್ಕರಿನಾಗ ತಾಸುಗಟ್ಟಲೆ ಬೆಚ್ಚಗ ಕೂತ್ರ ಕೆಡೂದು ಅಲ್ಲೇ ಶುರು. ಅದಕ್ಕ ನಾನು ಎರಡು ತಾಸಿನ ಒಳಗೇ, ಮಧ್ಯಾಹ್ನನೇ ಥಾಲಿಪಟ್ಟು ಬಡಿದು ಇಡ್ತೀನಿ. ಹಂಚಿನ ಮ್ಯಾಲೆ ನೀರು ಹೋದದ್ದು ನೀರಾದ ಬ್ಯಾಳಿಕಿಂತ ಹೆಚ್ಚು ಹೊತ್ತು ತಾಳ್ತದ, ರಾತ್ರಿ ಊಟಕ್ಕ ನಡೀತದ. ಮರುದಿನಕ್ಕಲ್ಲ.

ಹುಳಿ ವಾಸನಿ, ಮ್ಯಾಲೆ ಗುಳ್ಳಿ, ಚಮಚ ಎತ್ತಿದ್ರ ನೂಲು ನೂಲು ಎಳಿ ಬಂತಂದ್ರ ಚೆಲ್ರಿ. ವಾಸನಿ ಇಲ್ಲ ಅಂದ್ರೂ ಛಲೋ ಅದ ಅಂತಲ್ಲ. ಅನ್ನದ ಬಗ್ಗೆ ಇನ್ನೂ ಜಾಗ್ರತಿ: ಹೊರಗ ಬಹಳ ಹೊತ್ತು ಇಟ್ಟ ಅನ್ನದಾಗ ಬ್ಯಾಸಿಲಸ್ ಸಿರಿಯಸ್ ಅನ್ನೋ ಬ್ಯಾಕ್ಟೀರಿಯಾ ಬೆಳೀತದ, ಅದು ಬಿಟ್ಟ ವಿಷ ಮತ್ತ ಬಿಸಿ ಮಾಡಿದ್ರೂ ಹೋಗಂಗಿಲ್ಲ. ರಾತ್ರಿ ಎಲ್ಲಾ ಹೊರಗಿದ್ದ ಅನ್ನಕ್ಕ ಒಗ್ಗರಣಿ ಹಾಕಿದ್ರ ಚಿತ್ರಾನ್ನ ಆಗ್ತದ, ಆದ್ರ ವಿಷ ಅಲ್ಲೇ ಇರ್ತದ. ಹೊಸ ರೂಪ ಕೊಡೂದು ಕೆಟ್ಟದ್ದನ್ನ ಮುಚ್ಚಾಕಲ್ಲ, ಕೆಡೂ ಮೊದಲು ತಿನ್ನಾಕ. ಮೇ ತಿಂಗಳ ನಮ್ಮ ಬಿಸಿಲಾಗ ಈ ಧೈರ್ಯನೂ ಬ್ಯಾಡ, 50 ಗ್ರಾಂ ಡಬ್ಬಿಯಾಗ ಬೇಯಿಸಿ ಒಂದೇ ಹೊತ್ತಿಗೆ ಮುಗಿಸ್ರಿ.

7/7
ಎಲ್ಲಾ ಅಡಿಗಿನೂ ಒಬ್ಬರಿಗೆ ಇಳಿಯಂಗಿಲ್ಲ, ಅದನ್ನೂ ಒಪ್ಕೋತೀನಿ. ಎಳ್ಳಮಾವಾಸ್ಯಿ ಭಜ್ಜಿನ ಒಬ್ಬರಿಗೆ ಮಾಡ್ತೀನಿ ಅಂದ್ರ ಅಷ್ಟು ತರದ ಕಾಳು, ಕಾಯಿಪಲ್ಯ, ಸೊಪ್ಪು ಒಂದೊಂದು ಹಿಡಿ ಯಾರು ಕೊಡ್ತಾರ? ಒಂದೊಂದು ಕಟ್ಟು ತಂದ್ರ ಹತ್ತು ಮಂದಿ ಭಜ್ಜಿ ಆಗ್ತದ. ಅದು ಹೊಲದಾಗ ಮಂದಿ ಜೊತಿ ಕೂತು ಉಣ್ಣೋದು, ಅದಕ್ಕ ಊರಿಗೇ ಬರ್ರಿ.

ಆದ್ರ ದಿನದ ಬ್ಯಾಳಿಗೆ ಮೆಸ್ ಬ್ಯಾಡ, ಭಾಗಾಕಾರನೂ ಬ್ಯಾಡ. ಒಂದು ಡಬ್ಬಿ, ಒಂದು ಸಣ್ಣ ಸೌಟು, ಒಗ್ಗರಣಿಗೆ ಮೊದಲು ತೆಗೆದಿಟ್ಟ ಅರ್ಧ. ಇಲ್ಲ ಅನ್ನೋರು ಈ ಭಾನುವಾರ ಮಾಡಿ ನೋಡ್ರಿ, ತಳ ಹತ್ತಿದ್ರ ಕುಕ್ಕರ್ ಫೋಟೋ ಹಾಕಿ ನನ್ನ ಟ್ಯಾಗ್ ಮಾಡ್ರಿ. ಕಾಯ್ತಿರ್ತೀನಿ.

#ಹುಲಸೂರ #ಒಬ್ಬರ_ಅಡಿಗಿ #ಬ್ಯಾಳಿ_ಥಾಲಿಪಟ್ಟು #ರೂಮ್_ಊಟ