ಬೀಗದ ಕೈ ಇರೋದು ಬೇರೆ, ಬೀಗ ತೆಗೆಯೋದು ಬೇರೆ

ಮಕ್ಕಳ ಫೋನ್ ನೋಡಬೇಕಾ ಬೇಡವಾ ಅನ್ನೋ ಜಗಳ ನಮ್ಮೆಲ್ಲರ ಮನೆಯಲ್ಲೂ ಇದೆ. ಇಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನೋದು ಒಂದು, ಬೀಗ ಯಾವಾಗ ತೆಗೀಬಹುದು ಅನ್ನೋದು ಇನ್ನೊಂದು. ಕಚೇರಿಯಲ್ಲಿ ಗುಮಾಸ್ತಿಕೆ ಮಾಡೋರಿಗೆ ಇದು ಹೊಸದಲ್ಲ. ಕ್ಯಾಶ್ ಪೆಟ್ಟಿಗೆಯ ಡೂಪ್ಲಿಕೇಟ್ ಕೀ ಕವರಿನಲ್ಲಿ ಸೀಲ್ ಆಗಿರುತ್ತೆ. ಒಡೆದವರು ಕಾರಣ ಬರೀಬೇಕು.

ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸಿನ ಮಗಳು, ಎಂಟನೇ ಕ್ಲಾಸಿನ ಮಗ, ನಾವಿಬ್ಬರು. ಜೂನ್‌ನಲ್ಲಿ ಕೂತು ಒಂದು ಹಾಳೆಯಲ್ಲಿ ಒಪ್ಪಂದ ಬರೆದು ನಾಲ್ವರೂ ಸಹಿ ಹಾಕಿದ್ವಿ.

ಪ್ರತಿಯೊಬ್ಬರೂ ತಮ್ಮ ಫೋನಿನ ಲಾಕ್ ನಂಬರ್ ಚೀಟಿಯಲ್ಲಿ ಬರೆದು, ಕವರಿಗೆ ಹಾಕಿ, ಅಂಟಿಸಿದ ಜಾಗದ ಮೇಲೆ ಸಹಿ ಮಾಡಿ ಬೀರುವಿನಲ್ಲಿ ಇಡೋದು. ಅಪ್ಪ ಅಮ್ಮನ ಕವರೂ ಅಲ್ಲೇ. ನಂಬರ್ ಬದಲಾದರೆ ಅವತ್ತೇ ಹೊಸ ಚೀಟಿ. ಯುಪಿಐ ಪಿನ್ ಮಾತ್ರ ಕವರಿಗೂ ಇಲ್ಲ, ಯಾರಿಗೂ ಇಲ್ಲ. ನಮ್ಮಲ್ಲಿ ಓದಲು ಬಾರದ ಅವ್ವಂದಿರ ಪಿನ್ ಮಕ್ಕಳೇ ಒತ್ತುತ್ತಾರೆ. ಪಿನ್ ಹಂಚಿಕೊಂಡದ್ದರಿಂದ ದುಡ್ಡು ಹೋದರೆ, ಬ್ಯಾಂಕಿಗೆ ತಿಳಿಸೋವರೆಗಿನ ನಷ್ಟ ಗ್ರಾಹಕರದೇ ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಅದಕ್ಕೆ ಮಕ್ಕಳು ಅಂಕಿ ಗುರುತಿಸೋದು ಕಲಿಸಲಿ, ಒತ್ತೋದು ಅವ್ವನೇ.

ಕವರ್ ಒಡೆಯಲು ಎರಡೇ ಕಾರಣ: ಹೇಳಿದ ಹೊತ್ತಿಗೆ ಮನೆಗೆ ಬರದೆ ಎಲ್ಲಿದ್ದಾರೆ ಅಂತಲೂ ಗೊತ್ತಾಗದಿದ್ದಾಗ ಮನೆಯಲ್ಲಿ ಬಿಟ್ಟುಹೋದ ಫೋನ್ ನೋಡೋಕೆ, ಇಲ್ಲಾ ಪ್ರಾಣಕ್ಕೆ ಅಪಾಯ ಅನ್ನಿಸಿದಾಗ. ಅನುಮಾನ ಕಾರಣವಲ್ಲ, ಅನುಮಾನ ಬಂದರೆ ಬಾಯಿಬಿಟ್ಟು ಕೇಳಬೇಕು. ಬೇರೆ ಯಾವ ತಪಾಸಣೆಯಾದರೂ ಫೋನಿನವರ ಎದುರಲ್ಲೇ, ಅವರು ತೋರಿಸಿದ ಚಾಟ್ ಮಾತ್ರ. ಯಾಕಂದ್ರೆ ಅದರಲ್ಲಿ ಗೆಳತಿಯರ ಗುಟ್ಟೂ ಇರುತ್ತೆ, ಅವರು ನಮ್ಮ ಹಾಳೆಗೆ ಸಹಿ ಹಾಕಿಲ್ಲ.

ಕದ್ದು ನೋಡೋದಕ್ಕೂ ದಾರಿ ಇದೆ. ಎರಡು ನಿಮಿಷ ಫೋನ್ ಕೈಗೆ ಸಿಕ್ಕರೆ ವಾಟ್ಸಾಪನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿಬಿಡಬಹುದು. ಅದಕ್ಕೇ ತಿಂಗಳಿಗೊಮ್ಮೆ ನಾಲ್ವರೂ ಒಟ್ಟಿಗೆ ಕೂತು ತಮ್ಮ ತಮ್ಮ ಫೋನಿನಲ್ಲಿ Linked devices ತೆರೆದು ನೋಡ್ತೀವಿ. ಗೊತ್ತಿಲ್ಲದ ಹೆಸರಿದ್ದರೆ ಒತ್ತಿ ಲಾಗೌಟ್.

ಹೆಚ್ಚಿನ ಮನೆಗಳಲ್ಲಿ ಮಗಳ ಫೋನ್ ಮಾತ್ರ ತಪಾಸಣೆ, ಮಗನದು ಇಲ್ಲ. ಬೇರೆ ಜಾತಿಯ ಹುಡುಗನ ಜೊತೆ ಮಾತು ಅಂದ್ರೆ ಏಟು ಬೀಳೋದು ನಮ್ಮ ಕೇರಿಗೇ. ಆ ಭಯ ಸುಳ್ಳಲ್ಲ. ಆದರೆ ಕದ್ದು ನೋಡೋ ಮನೆಯಲ್ಲಿ ಹುಡುಗಿ ಮೊದಲು ಕಲಿಯೋದು ಡಿಲೀಟ್ ಮಾಡೋದನ್ನ. ಗೆಳೆತನದ ಜೊತೆಗೆ ಬೆದರಿಕೆಯೂ ಅಳಿಸಿಹೋಗುತ್ತೆ.

ಆಗಸ್ಟ್‌ನಲ್ಲಿ ಯಾರೋ ಮಗಳ ಫೋಟೋ ತಿರುಚಿ ಕಳಿಸಿ ದುಡ್ಡು ಕೇಳಿದ. ಅವಳೇ ಫೋನ್ ಹಿಡಿದುಕೊಂಡು ಅಮ್ಮನ ಹತ್ತಿರ ಬಂದಳು. ಆ ಒಂದು ಚಾಟ್ ನೋಡಿದ್ವಿ, ನಂಬರ್ ಮತ್ತು ಸಮಯ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗೆದ್ವಿ, ಚಾಟ್ ಅಳಿಸದೆ cybercrime.gov.in ನಲ್ಲಿ ದೂರು ಕೊಟ್ವಿ. ಯಾವ ಕವರೂ ಒಡೆಯಲಿಲ್ಲ.

ಹಾಳೆಯ ಕೊನೇ ಸಾಲು ಮಗಳೇ ಬರೆದದ್ದು: 18 ತುಂಬಿದ ದಿನ ಕವರ್ ವಾಪಸ್.