‘ಚಕ್ಕರ್ ಬರ್ಲಕತ್ತದ’ ಅಂದ್ರೆ ಏನು?

ನಮ್ಮೂರು ಆಳಂದ ತಾಲ್ಲೂಕಿನ ಸರಸಂಬಾ. ಮಹಾರಾಷ್ಟ್ರದ ಗಡಿ ಹತ್ತಿರ ಇರೋದರಿಂದ ನಮ್ಮ ಮಾತಿನಲ್ಲಿ ಮರಾಠಿ, ಉರ್ದು ಎರಡೂ ಬೆರೆತಿವೆ. ತಲೆ ತಿರುಗಿದರೆ ನಾವು ‘ಚಕ್ಕರ್ ಬರ್ಲಕತ್ತದ’ ಅನ್ನುತ್ತೇವೆ. ಉಪವಾಸ ಮಾಡಿದ ಅವ್ವನಿಗೂ ಚಕ್ಕರ್, ಬಸ್ಸಿನಲ್ಲಿ ವಾಂತಿ ಬಂದ ತಂಗಿಗೂ ಚಕ್ಕರ್, ಬಿ.ಪಿ. ಇರುವ ಅಜ್ಜನಿಗೂ ಚಕ್ಕರ್. ಈ ಒಂದು ಶಬ್ದದಲ್ಲಿ ಎಷ್ಟು ಬೇರೆ ಬೇರೆ ತೊಂದರೆಗಳಿವೆ ಎಂದು ನಾನು ಕಳೆದ ಬೇಸಿಗೆಯವರೆಗೆ ಯೋಚಿಸಿರಲಿಲ್ಲ.

ಕಲಬುರಗಿಯಲ್ಲಿ ನಾವು ಮೂವರು ಒಂದು ರೂಮಿನಲ್ಲಿದ್ದೇವೆ. ಮೇ ತಿಂಗಳ ಒಂದು ಸಂಜೆ ನನ್ನ ರೂಮ್‌ಮೇಟ್ ಗೋಡೆ ಹಿಡಿದುಕೊಂಡು ಬಂದು, ‘ಯಾಕೋ ಆರಾಮಿಲ್ಲಲೇ, ಚಕ್ಕರ್ ಬರ್ಲಕತ್ತದ, ಜೀವ ಗಾಬರಿ ಆಗ್ಲಕತ್ತದ’ ಎಂದು ಹೇಳಿ ಮಲಗಿಬಿಟ್ಟ. ನಾನು ಮೆಡಿಕಲ್‌ಗೆ ಓಡಿದೆ. ಅಲ್ಲಿ ಏಳೆಂಟು ಜನ ನಿಂತಿದ್ದರು. ‘ಅಣ್ಣಾ, ದೋಸ್ತಗ ಚಕ್ಕರ್ ಬರ್ಲಕತ್ತದ, ಏನರೆ ಗುಳಿಗಿ ಕೊಡ್ರಿ’ ಅಂದೆ. ‘ವಾಂತಿ ಅದ ಏನು?’ ಎಂದು ಕೇಳಿದರು. ‘ಬಂದಂಗ ಆಗ್ತದಂತ್ರಿ’ ಅಂದೆ. ಪಟ್ಟಿಯಿಂದ ನಾಲ್ಕು ಸಣ್ಣ ಗುಳಿಗೆ ಕತ್ತರಿಸಿ ಕೊಟ್ಟರು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಲ್ಲ.

ಅವನು ರಾತ್ರಿ ಎರಡು, ಬೆಳಿಗ್ಗೆ ಒಂದು ನುಂಗಿದ. ಹತ್ತು ಗಂಟೆಯ ಹೊತ್ತಿಗೆ ಅವನ ದವಡೆ ಬಿಗಿಯಿತು, ಕುತ್ತಿಗೆ ಒಂದು ಕಡೆಗೆ ಎಳೆಯತೊಡಗಿತು, ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಅಲ್ಲೇ ನಿಂತವು. ಎಚ್ಚರವಿತ್ತು, ಮಾತು ಮಾತ್ರ ಸರಿಯಾಗಿ ಬರುತ್ತಿರಲಿಲ್ಲ. ಫಿಟ್ಸ್ ಇರಬೇಕು ಅಂದುಕೊಂಡು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ಡಾಕ್ಟರ್ ಮೊದಲು ಕೇಳಿದ್ದು, ‘ಏನು ಗುಳಿಗಿ ತಗೊಂಡಾನ?’ ನನ್ನ ಜೇಬಿನಲ್ಲಿದ್ದ ತುಂಡು ಪಟ್ಟಿಯಲ್ಲಿ ಹೆಸರು ಅರ್ಧ ಕತ್ತರಿಸಿ ಹೋಗಿತ್ತು. ಉಳಿದ ಅಕ್ಷರಗಳಿಂದಲೇ ಅವರು ಅದು ಪ್ರೋಕ್ಲೋರ್‌ಪೆರಜಿನ್ ಎಂದು ಗುರುತಿಸಿದರು. ಒಂದು ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆಯಲ್ಲಿ ಕುತ್ತಿಗೆ ತಾನಾಗಿ ಸಡಿಲವಾಯಿತು.

ಈ ಔಷಧ ಕೆಟ್ಟದ್ದಲ್ಲ. ವಾಂತಿಗೆ, ಒಳಕಿವಿಯ ತೊಂದರೆಯಿಂದ ಸುತ್ತಲಿನದೆಲ್ಲ ಗಿರ್ರನೆ ತಿರುಗುವ ಚಕ್ಕರಿಗೆ ವೈದ್ಯರು ಇದನ್ನು ಬರೆಯುತ್ತಾರೆ. ಅದು ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುತ್ತದೆ. ಹಾಗಾಗಿ ಕೆಲವರಿಗೆ, ಅದರಲ್ಲೂ ನಮ್ಮ ವಯಸ್ಸಿನವರಿಗೆ, ಹೀಗೆ ಸ್ನಾಯು ಸೆಳೆಯುವ ಅಪಾಯ ಹೆಚ್ಚು. ಇನ್ನೊಂದು ಅಡ್ಡಪರಿಣಾಮವೂ ಇದೆ. ಎದ್ದು ನಿಂತಾಗ ರಕ್ತದೊತ್ತಡವನ್ನು ಅದು ಮತ್ತಷ್ಟು ಇಳಿಸಬಲ್ಲದು. ನನ್ನ ಗೆಳೆಯನಿಗೆ ಮೊದಲಿಂದ ಇದ್ದದ್ದು ಅದೇ ತೊಂದರೆ!

ಅದು ಗೊತ್ತಾಗಿದ್ದು ಡಾಕ್ಟರ್ ಮೂರು ಪ್ರಶ್ನೆ ಕೇಳಿದ ಮೇಲೆ. ‘ಮನಿ ತಿರಗತದೋ, ನೀನೇ ಬಿದ್ದಂಗ ಆಗ್ತದೋ?’ ಬಿದ್ದಂಗ ಆಗ್ತದ ಅಂದ. ‘ಮಲ್ಕೊಂಡಾಗೂ ಇರ್ತದೇನು?’ ಇಲ್ಲ, ಎದ್ದು ನಿಂತರೆ ಮಾತ್ರ ಕಣ್ಣಿಗಿ ಕತ್ತಲಿ ಬರ್ತದ ಅಂದ. ‘ಅದರ ಹಿಂದಿನ ದಿನ ಏನಾಗಿತ್ತು?’ ಆಗ ಅವನು ಬಾಯಿಬಿಟ್ಟ. ಎರಡು ದಿನದಿಂದ ಹೊಟ್ಟೆ ಕೆಟ್ಟು ಏಳೆಂಟು ಸಲ ಹೋಗಿದ್ದ. ಅದರ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಕ್ರಿಕೆಟ್ ಆಡಿದ್ದ. ನಮಗೆ ಹೇಳಲು ನಾಚಿಕೆಯಾಗಿತ್ತಂತೆ.

ಬಿ.ಪಿ. ಮಲಗಿಸಿ ನೋಡಿದಾಗ ಮೇಲಿನ ಅಂಕಿ 118 ಇತ್ತು. ನಿಲ್ಲಿಸಿ ನೋಡಿದಾಗ 94. ಎದ್ದ ಮೂರು ನಿಮಿಷದೊಳಗೆ ಈ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ, ನಿಂತಾಗ ಒತ್ತಡ ಕುಸಿಯುತ್ತಿದೆ ಎಂದು ಲೆಕ್ಕ. ಮೈಯಲ್ಲಿ ನೀರು ಕಡಿಮೆಯಾಗಿ, ನಿಂತ ಕೂಡಲೇ ತಲೆಗೆ ಸಾಕಷ್ಟು ರಕ್ತ ಹೋಗುತ್ತಿರಲಿಲ್ಲ. ಆಗ ಇಳಿದಿದ್ದರಲ್ಲಿ ಗುಳಿಗೆಯ ಪಾಲೂ ಇರಬಹುದು ಅಂದರು ಡಾಕ್ಟರ್. ಆದರೆ ಮೊದಲ ದಿನ ಅವನಿಗೆ ಬೇಕಾಗಿದ್ದದ್ದು ಓಆರ್‌ಎಸ್. 20.5 ಗ್ರಾಂ ಪುಡಿಯ ಪೊಟ್ಟಣವನ್ನು ಒಂದು ಲೀಟರ್ ಕುಡಿಯುವ ನೀರಿನಲ್ಲಿ ಪೂರ್ತಿ ಕರಗಿಸಿ, ಗುಟುಕು ಗುಟುಕಾಗಿ ಕುಡಿಯುವುದು. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಚಮಚ ಗೋಪುರದಂತೆ ತುಂಬಬಾರದು, ಮಟ್ಟಸ ಇರಬೇಕು. (ಡಬ್ಬಿಯಲ್ಲಿ ಸಿಗುವ ಸಿಹಿ ಪಾನೀಯಗಳನ್ನು ಓಆರ್‌ಎಸ್ ಎಂದೇ ನಾವು ಕುಡಿಯುತ್ತಿದ್ದೆವು. ಆ ಸೂತ್ರದಂತೆ ಇಲ್ಲದ ಪಾನೀಯಕ್ಕೆ ಆ ಹೆಸರು ಹಾಕಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಅಲ್ಲಿಯೂ ತಾಪತ್ರಯ ತಂದದ್ದು ಒಂದು ಶಬ್ದವೇ.)

ಚೀಟಿ ಇಲ್ಲದೆ ಆ ಗುಳಿಗೆ ಕೊಟ್ಟದ್ದು ಮೆಡಿಕಲ್‌ನವರ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಅವರಿಗೆ ಕೊಟ್ಟಿದ್ದಾದರೂ ಏನು? ಒಂದು ಶಬ್ದ, ಜೊತೆಗೆ ‘ಏನರೆ ಕೊಡ್ರಿ’. ನನಗೆ ಈಗ ಅನ್ನಿಸುವುದು ಇಷ್ಟು: ‘ಆರಾಮಿಲ್ಲ’, ‘ಚಕ್ಕರ್’, ‘ತಲಿ ಗಿರ್ ಅಂತದ’ ಇವು ಗೆಳೆಯರಿಗೆ ಹೇಳುವ ಮಾತುಗಳು. ಗೆಳೆಯ ಆರಾಮಿಲ್ಲ ಅಂದರೆ ‘ಜೊತಿಗಿ ಕೂಡು, ಚಹಾ ತಾ, ನಾಳೆ ನನ್ನ ಲ್ಯಾಬ್ ರೆಕಾರ್ಡ್ ನೀನೇ ಕೊಡು’ ಎಂಬುದೆಲ್ಲ ಅದರಲ್ಲಿ ಬಂತು. ಅಲ್ಲಿ ಆ ಮಾತು ಮಸುಕಾಗಿದ್ದರೇನೇ ಚೆಂದ. ಅದೇ ಮಾತು ಔಷಧದ ಕೌಂಟರಿಗೆ ಹೋದರೆ ಆರ್ಡರ್ ಆಗಿಬಿಡುತ್ತದೆ. ಚಕ್ಕರ್ ಅಂದರೆ ಚಕ್ಕರಿನ ಗುಳಿಗೆ ಬರುತ್ತದೆ.

ನಮ್ಮ ಭಾಷೆ ಬಡವಾಗಿದೆ ಅಂತಲೂ ಅಲ್ಲ. ನಮ್ಮ ಹಿರಿಯರ ಬಾಯಲ್ಲಿ ಬೇಕಾದ ಶಬ್ದಗಳೆಲ್ಲ ಇವೆ. ‘ಮನಿ ತಿರಗತದ’ ಎಂದರೆ, ಅದರಲ್ಲೂ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಒಂದು ನಿಮಿಷದೊಳಗೆ ಬಂದು ಹೋದರೆ, ಅದು ಹೆಚ್ಚಾಗಿ ಒಳಕಿವಿಯ ಕಡೆಗೆ ಬೆರಳು ತೋರಿಸುತ್ತದೆ. ‘ಎದ್ದರ ಕಣ್ಣಿಗಿ ಕತ್ತಲಿ ಬರ್ತದ’ ಎಂದರೆ ರಕ್ತದೊತ್ತಡ, ನೀರು, ಕೆಲವೊಮ್ಮೆ ರಕ್ತಹೀನತೆ. ‘ಹೊಟ್ಟಿ ತೊಳಸ್ತದ’ ಎಂದರೆ ಹೊಟ್ಟೆ. ಈ ಮೂರನ್ನೂ ಬಿಟ್ಟು ನಮ್ಮ ತಲೆಮಾರು ಚಕ್ಕರ್ ಎಂಬ ಒಂದಕ್ಕೆ ಬಂದು ನಿಂತಿದೆ. ಕಾಲೇಜಿನಲ್ಲಂತೂ ಅದೂ ಹೋಗಿ ‘ಫುಲ್ ಡೌನ್’ ಆಗಿದೆ!

ಊರು ಬದಲಾದರೆ ಇನ್ನೊಂದು ಫಜೀತಿ. ನಮ್ಮ ಸೀನಿಯರ್ ಒಬ್ಬರು ಕೆಲಸಕ್ಕೆ ಬೆಂಗಳೂರಿಗೆ ಹೋದವರು ಅಲ್ಲಿ ‘ಜೀವ ಗಾಬರಿ ಆಗ್ಲಕತ್ತದ’ ಅಂದರೆ, ‘ಯಾಕೆ, ಏನ್ ಟೆನ್ಷನ್?’ ಎಂದು ಕೇಳಿದರಂತೆ. ಆ ಕಡೆ ಗಾಬರಿ ಎಂದರೆ ಭಯ. ನಮ್ಮಲ್ಲಿ ಮೈಯೊಳಗಿನ ಸಂಕಟವೂ ಗಾಬರಿಯೇ. ಇಂಥ ಕಡೆ ಶಬ್ದ ಬಿಟ್ಟು ಆದದ್ದನ್ನು ಹೇಳುವುದೇ ಸರಿ: ಬೆವರು ಬರುತ್ತಿದೆ, ಎದೆ ಬಡಿದುಕೊಳ್ಳುತ್ತಿದೆ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ.

ಚಕ್ಕರಿನ ಜೊತೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಅಥವಾ ಕಾಲು ಸೋತರೆ, ಒಂದು ಎರಡಾಗಿ ಕಂಡರೆ, ಎದೆ ಹಿಡಿದರೆ ಮೆಡಿಕಲ್ ಕಡೆ ಹೋಗುವುದೇ ಬೇಡ. 108ಕ್ಕೆ ಫೋನ್ ಮಾಡಬೇಕು. ಅಜ್ಜನಿಗೆ ಹೀಗಾದಾಗ ಲಿಂಬು ಪಾನಕ ಕುಡಿಸುತ್ತ ಕೂರುವ ಮನೆಗಳನ್ನು ನಾನು ನೋಡಿದ್ದೇನೆ.

ಮೊನ್ನೆ ಊರಿಗೆ ಹೋದಾಗ ಅವ್ವ ಒಲೆಯ ಮುಂದಿನಿಂದ ಎದ್ದು, ‘ಯಾಕೋ ಚಕ್ಕರ್ ಬಂದಂಗಾತಪಾ’ ಅಂದಳು. ‘ಮನಿ ತಿರಗತದೇನವ್ವಾ, ಕತ್ತಲಿ ಬರ್ತದ?’ ಅಂತ ಕೇಳಿದೆ. ಇವನಿಗೇನಾಯಿತು ಅನ್ನುವಂತೆ ನನ್ನ ಮುಖ ನೋಡಿ, ‘ಕತ್ತಲಿ’ ಅಂದಳು. ‘ಎಷ್ಟು ದಿನದಿಂದ?’ ‘ದೀಪಾವಳಿ ಮುಂಚಿಂದ.’ ಮರುದಿನ ಆಳಂದಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ ಹೆಂಗಸರಿಗೆ 12 ಇರಬೇಕು. ಅವ್ವನದು 8.4 ಇತ್ತು.