ಅಜ್ಜಿಯ ಆರು ಸದ್ದುಗಳು

ಪುಟಾಣಿಗಳೇ, ಈ ವಾರ ನಾಲ್ಕನೇ ತರಗತಿಯ ಓದುಗನೊಬ್ಬ ಕೇಳಿದ್ದಾನೆ: “ನಮ್ಮ ಕ್ಲಾಸಿಗೆ ಬಂದ ಹೊಸ ಹುಡುಗಿಯ ಕಿವಿಯ ಹಿಂದೆ ಒಂದು ಯಂತ್ರ ಇದೆ. ಅದರ ವೈರಿನ ತುದಿಯ ಬಿಲ್ಲೆ ತಲೆಗೆ ಅಂಟಿಕೊಂಡಿದೆ. ಅದು ಬೀಳುವುದಿಲ್ಲವೇ?”

ಬೀಳುವುದಿಲ್ಲ, ಏಕೆಂದರೆ ಬಿಲ್ಲೆಯಲ್ಲೂ ಚರ್ಮದ ಒಳಗೂ ಒಂದೊಂದು ಅಯಸ್ಕಾಂತವಿದೆ. ಅದರ ಹೆಸರು ಕಾಕ್ಲಿಯರ್ ಇಂಪ್ಲಾಂಟ್. ಕಿವಿ ಪರೀಕ್ಷೆ ಮಾಡಿ ಮಕ್ಕಳಿಗೆ ಮಾತು ಕಲಿಸುವುದು ನನ್ನ ಕೆಲಸವಾದ್ದರಿಂದ, ನಾನು ಕಂಡ ಒಬ್ಬ ಅಜ್ಜಿ ಮೊಮ್ಮಗಳ ಕಥೆಯನ್ನೇ ಹೇಳುತ್ತೇನೆ.

ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಸುರುಳಿಯೊಂದಿದೆ. ಅದರೊಳಗೆ ಸಾವಿರಾರು ಸೂಕ್ಷ್ಮ ರೋಮಕೋಶಗಳು ಸದ್ದನ್ನು ಹಿಡಿದು ನರಕ್ಕೆ ಕೊಡುತ್ತವೆ. ಈ ಮಗುವಿಗೆ ಹುಟ್ಟಿನಿಂದಲೇ ಅವು ಕೆಲಸ ಮಾಡುತ್ತಿರಲಿಲ್ಲ. ಮೊದಲು ಕೆಲವು ತಿಂಗಳು ಶ್ರವಣ ಸಾಧನ ಹಾಕಿ ನೋಡಿದೆವು. ತಮಟೆ ಬಡಿದರೆ ತಿರುಗುತ್ತಿದ್ದಳು, ಹೆಸರು ಕರೆದರೆ ಇಲ್ಲ. ಸದ್ದನ್ನು ಎಷ್ಟು ದೊಡ್ಡದು ಮಾಡಿದರೂ ಹಿಡಿಯುವ ಕೋಶವೇ ಇಲ್ಲದಿದ್ದರೆ ಏನು ಪ್ರಯೋಜನ? ಆಮೇಲೆ ಸ್ಕ್ಯಾನ್ ಮಾಡಿಸಿ, ಸುರುಳಿಯ ಆಕಾರ ಸರಿಯಿದೆಯೇ, ಕಿವಿಯಿಂದ ಮಿದುಳಿಗೆ ಹೋಗುವ ನರ ಇದೆಯೇ ಎಂದು ನೋಡಿದರು. ನರವೇ ಇಲ್ಲದಿದ್ದರೆ ಈ ಯಂತ್ರದಿಂದ ಉಪಯೋಗವಿಲ್ಲ. ಎರಡೂ ಸರಿಯಿದ್ದವು. ಎರಡೂವರೆ ವರ್ಷಕ್ಕೆ ಶಸ್ತ್ರಚಿಕಿತ್ಸೆ ಆಯಿತು.

ಹೊರಗಿನ ಯಂತ್ರ ಮೈಕಿನಿಂದ ಸದ್ದು ಹಿಡಿದು, ಸಂಕೇತವಾಗಿ ಬದಲಿಸಿ, ಬಿಲ್ಲೆಯ ಮೂಲಕ ಚರ್ಮದೊಳಕ್ಕೆ ಕಳಿಸುತ್ತದೆ. ಒಳಗೆ ಸುರುಳಿಯಲ್ಲಿ ತೂರಿಸಿದ ತೆಳು ತಂತಿಯ ಮೇಲೆ ಪುಟ್ಟ ಬಿಂದುಗಳಿರುತ್ತವೆ. ಅವಳದರಲ್ಲಿ 22 ಇದ್ದವು. ಅವನ್ನು ಹಾರ್ಮೋನಿಯಂ ಮನೆಗಳೆಂದುಕೊಳ್ಳಿ. ಸುರುಳಿಯ ಬಾಗಿಲ ಬಳಿಯವು ಕೀಚಲು ಸದ್ದಿಗೆ, ಒಳಗಿನವು ದಪ್ಪ ಸದ್ದಿಗೆ. ಪ್ರತಿ ಬಿಂದುವೂ ಸಣ್ಣ ವಿದ್ಯುತ್ತಿನಿಂದ ನರವನ್ನು ನೇರವಾಗಿ ತಟ್ಟುತ್ತದೆ.

ಗಾಯ ಮಾಗಿದ ಮೇಲೆ, ಮೂರು ವಾರಕ್ಕೆ, ಯಂತ್ರಕ್ಕೆ ಚಾಲನೆ ಕೊಟ್ಟೆವು. ಮಗು ಬೆಚ್ಚಿ ಅತ್ತು, ಬಿಲ್ಲೆ ಕಿತ್ತೆಸೆಯಿತು. ಅಜ್ಜಿ ಕಣ್ಣೊರೆಸಿಕೊಂಡರು. “ಇಷ್ಟೆಲ್ಲ ಮಾಡಿಸಿದರೂ ಕೂಗಿದರೆ ತಿರುಗಿ ನೋಡಲಿಲ್ಲವಲ್ಲ, ತಾಯಿ!”

“ಅಜ್ಜಿ, ಅವಳ ಕಿವಿ ಇವತ್ತು ಹುಟ್ಟಿದೆ. ಕೇಳಿಸುವುದು ಬೇರೆ, ಕೇಳಿದ್ದು ಏನೆಂದು ತಿಳಿಯುವುದು ಬೇರೆ. ಹುಟ್ಟಿದ ಕೂಸು ಮೊದಲ ಮಾತಾಡಲು ವರ್ಷ ತೆಗೆದುಕೊಳ್ಳುತ್ತದಲ್ಲವೇ?” ಎಂದೆ.

ಆದರೂ ಮಗು ಅಳುತ್ತದೆಂದು ಅಜ್ಜಿ ಯಂತ್ರವನ್ನು ಎರಡು ವಾರ ಬೀರುವಿನಲ್ಲಿಟ್ಟುಬಿಟ್ಟಿದ್ದರು. ಹೀಗೆ ಮಾಡಿದರೆ ಮಿದುಳಿಗೆ ಪಾಠವೇ ನಿಲ್ಲುತ್ತದೆ. ವಿದ್ಯುತ್ತಿನ ಮಟ್ಟ ತುಸು ತಗ್ಗಿಸಿ, ಅವಳಿಗೆ ಹಿತವಾದ ಮೇಲೆ ಮೆಲ್ಲಗೆ ಏರಿಸುತ್ತ ಹೋದೆವು. ಇದಕ್ಕೆ ಮ್ಯಾಪಿಂಗ್ ಎನ್ನುತ್ತೇವೆ. ಮನೆಯಲ್ಲಿ ಎದ್ದಾಗಿನಿಂದ ಮಲಗುವವರೆಗೆ ಯಂತ್ರ ಹಾಕಬೇಕು, ಸ್ನಾನಕ್ಕೆ ಮಾತ್ರ ತೆಗೆಯಬೇಕು. ಕುಕ್ಕರ್ ಕೂಗಿದರೆ ಕಿವಿ ಮುಟ್ಟಿ “ಕೇಳಿಸ್ತಾ?” ಎಂದು ಕೇಳಿ, ಒಲೆಯ ಹತ್ತಿರ ಕರೆದೊಯ್ದು ತೋರಿಸಬೇಕು.

ಜೊತೆಗೆ ಅಜ್ಜಿಗೆ ಆರು ಸದ್ದು ಕಲಿಸಿದೆ: ಆ, ಊ, ಈ, ಮ್, ಶ್, ಸ್. ದಪ್ಪ ಸದ್ದಿನಿಂದ ಕೀಚಲು ಸದ್ದಿನವರೆಗೆ ಮಾತಿನ ಸದ್ದೆಲ್ಲ ಇವುಗಳ ನಡುವೆ ಬರುತ್ತದೆ. ಬೆಳಿಗ್ಗೆ ಮಗುವಿನ ಪಕ್ಕದಲ್ಲಿ, ತುಟಿ ಕಾಣದಂತೆ ಕೂತು, ಒಂದೊಂದಾಗಿ ಹೇಳಬೇಕು. ಕೇಳಿಸಿದಾಗಲೆಲ್ಲ ಮಗು ಮರದ ತುಂಡೊಂದನ್ನು ಡಬ್ಬಿಗೆ ಹಾಕಬೇಕು. ಸದ್ದಿನ ನಡುವೆ ಒಂದೇ ಸಮನೆ ಅಂತರ ಬಿಟ್ಟರೆ ಮಕ್ಕಳು ಲೆಕ್ಕ ಹಿಡಿದು ಹಾಕಿಬಿಡುತ್ತಾರೆ! ಹಾಗಾಗಿ ಅಂತರ ಬದಲಿಸಬೇಕು.

ಐದನೇ ತಿಂಗಳು ಅಜ್ಜಿ ಫೋನ್ ಮಾಡಿದರು. “ಆ, ಊ, ಈ, ಮ್ ಎಲ್ಲಕ್ಕೂ ಹಾಕ್ತಾಳೆ. ನಿನ್ನೆಯಿಂದ ಶ್, ಸ್ ಎರಡಕ್ಕೂ ಸುಮ್ಮನೆ ಕೂತಿರ್ತಾಳೆ.”

ಯಂತ್ರದ ದೀಪ ಉರಿಯುತ್ತಿತ್ತು, ಬ್ಯಾಟರಿಯೂ ಸರಿಯಿತ್ತು. ಕರೆಸಿ ನೋಡಿದರೆ ಮೈಕಿನ ಪುಟ್ಟ ಮುಚ್ಚಳಕ್ಕೆ ಬೆವರು, ಧೂಳು ಮೆತ್ತಿಕೊಂಡಿತ್ತು. ಹಾಗಾದಾಗ ಕೀಚಲು ಸದ್ದು ಮೊದಲು ಮಂಕಾಗುತ್ತದೆ. ಮುಚ್ಚಳ ಬದಲಿಸಿದ ಕೂಡಲೇ ‘ಸ್’ಗೆ ಟಕ್ಕೆಂದು ತುಂಡು ಡಬ್ಬಿಗೆ ಬಿತ್ತು. ಅದೂ ಫಲಿಸದಿದ್ದರೆ ಮ್ಯಾಪಿಂಗ್ ನೋಡಬೇಕಿತ್ತು. ಮಾತು ಬಾರದ ಮಗು “ಅಜ್ಜಿ, ನನಗೆ ಕೇಳಿಸುತ್ತಿಲ್ಲ” ಎನ್ನಲಾರದು. ಅಜ್ಜಿ ಪರೀಕ್ಷಿಸದಿದ್ದರೆ ವಾರಗಟ್ಟಲೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಂದಿನಿಂದ ರಾತ್ರಿ ಯಂತ್ರ ತೇವ ಹೀರುವ ಡಬ್ಬಿಯಲ್ಲಿ ಮಲಗುತ್ತದೆ.

ಹನ್ನೊಂದನೇ ತಿಂಗಳಲ್ಲಿ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು “ಅಜ್ಜೀ” ಎಂದಳಂತೆ. ಒಗ್ಗರಣೆ ಸೀದು ಹೋಯಿತು ಎಂದರು ಅಜ್ಜಿ.

ಇನ್ನು ಪತ್ರ ಬರೆದ ಪುಟ್ಟಣ್ಣ, ನಿನಗೊಂದು ಮಾತು. ಗದ್ದಲದಲ್ಲಿ ಈ ಯಂತ್ರದಿಂದ ಮಾತು ಬಿಡಿಸಿ ಕೇಳುವುದು ಕಷ್ಟ. ಕ್ಲಾಸಿನಲ್ಲಿ ಎಲ್ಲರೂ ಒಟ್ಟಿಗೆ ಕೂಗುವಾಗ ನಿನ್ನ ಗೆಳತಿ ಉತ್ತರಿಸದಿದ್ದರೆ ಮುನಿಸಿಕೊಳ್ಳಬೇಡ. ಹತ್ತಿರ ಹೋಗಿ, ಅವಳು ನಿನ್ನತ್ತ ನೋಡಿದ ಮೇಲೆ ಮಾಮೂಲಿ ದನಿಯಲ್ಲಿ ಹೇಳು. ಕಿರುಚಬೇಕಾಗಿಲ್ಲ.